ಹನ್ನೊಂದು ತೀರ್ಪು, ಒಂದು ಸಾರಾಂಶ



ಕಾನೂನಿನ ಬರಹಗಳನ್ನು ಕನ್ನಡಕ್ಕೆ ತರುವುದು, ಅವುಗಳ ಸಾರಾಂಶ ಬರೆಯುವುದು ನನ್ನ ಬದುಕಿನ ಬಹುಭಾಗದ ಕೆಲಸ. ಆ ಕೆಲಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಒಂದು ಪ್ರಶ್ನೆಯನ್ನು ಇಂದು ನಿಮ್ಮ ಮುಂದಿಡುತ್ತೇನೆ. ಒಂದೇ ದಾಖಲೆಯ ಒಂದು ಭಾಗ ಹೌದು ಎನ್ನುತ್ತದೆ, ಇನ್ನೊಂದು ಭಾಗ ಅಲ್ಲ ಎನ್ನುತ್ತದೆ. ಸಾರಾಂಶ ಬರೆಯುವವನು ಏನು ಮಾಡಬೇಕು? ಯಾವುದು ಸರಿ ಎಂದು ತಾನೇ ತೀರ್ಮಾನಿಸಿ ಅದನ್ನು ಬರೆಯಬೇಕೇ, ಅಥವಾ ಇಲ್ಲಿ ಎರಡು ಮಾತಿದೆ ಎಂದು ಬರೆಯಬೇಕೇ? ಎರಡನೆಯದನ್ನೇ ಮಾಡಬೇಕು ಎಂಬುದು ನನ್ನ ನಿಲುವು. ಏಕೆ, ಹೇಗೆ, ಎಲ್ಲಿಯವರೆಗೆ ಎಂಬುದನ್ನು ಒಂದೇ ಒಂದು ಪ್ರಕರಣದ ಮೂಲಕ ಹೇಳುತ್ತೇನೆ.

ಆ ಪ್ರಕರಣ ನಮ್ಮ ನೆರೆಯದು. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರನ್ನು ಯಕ್ಷಗಾನ ಬಲ್ಲವರೂ ಬಲ್ಲರು, ಸಂವಿಧಾನ ಓದಿದವರೂ ಬಲ್ಲರು. ಕೇರಳದ ಭೂಸುಧಾರಣಾ ಕಾನೂನು ಮಠದ ಜಮೀನಿಗೆ ತಟ್ಟಿದಾಗ ಅವರು 1970ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಆ ಅರ್ಜಿ ಬೆಳೆಯುತ್ತ ಬೆಳೆಯುತ್ತ ಸಂಸತ್ತಿಗೆ ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದುವ ಅಧಿಕಾರವಿದೆ ಎಂಬ ಪ್ರಶ್ನೆಯಾಯಿತು. 13 ನ್ಯಾಯಮೂರ್ತಿಗಳ ಪೀಠ ಕೂತಿತು. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ, 68 ದಿನ ವಾದ ನಡೆಯಿತು. 1973ರ ಏಪ್ರಿಲ್ 24ರಂದು ತೀರ್ಪು ಬಂತು.

ನಾನು ವಿದ್ಯಾರ್ಥಿಗಳಿಗೆ ಮೊದಲು ಕೇಳುವ ಪ್ರಶ್ನೆ ಇದು: ಆ ಮೊಕದ್ದಮೆಯಲ್ಲಿ ಸ್ವಾಮೀಜಿ ಗೆದ್ದರೇ, ಸೋತರೇ? ಅರ್ಧ ತರಗತಿ ಗೆದ್ದರು ಎನ್ನುತ್ತದೆ, ಅರ್ಧ ತರಗತಿ ಸೋತರು ಎನ್ನುತ್ತದೆ. ಇಬ್ಬರ ಕೈಯಲ್ಲೂ ಇರುವುದು ಅದೇ ತೀರ್ಪಿನ ಒಂದೊಂದು ಸಾರಾಂಶ. ಈ ಪ್ರಶ್ನೆಗೆ ಕೊನೆಯಲ್ಲಿ ಮರಳುತ್ತೇನೆ.

ತೀರ್ಪು ಎಂದೆ. ನಿಜವಾಗಿ ಅದು ಒಂದು ತೀರ್ಪಲ್ಲ, ಹನ್ನೊಂದು. ಶೆಲತ್ ಮತ್ತು ಗ್ರೋವರ್ ಒಟ್ಟಾಗಿ ಒಂದು ಬರೆದರು. ನಮ್ಮ ಕಾರ್ಕಳ ಸೀಮೆಯವರಾದ ಕೆ. ಎಸ್. ಹೆಗ್ಡೆಯವರು ಮುಖರ್ಜಿಯವರೊಂದಿಗೆ ಒಂದು ಬರೆದರು. ಮುಖ್ಯ ನ್ಯಾಯಮೂರ್ತಿ ಸಿಕ್ರಿ, ಜಗನ್ಮೋಹನ ರೆಡ್ಡಿ, ಖನ್ನಾ, ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ್ ಒಬ್ಬೊಬ್ಬರೂ ತಮ್ಮದೇ ತೀರ್ಪು ಬರೆದರು. ಎಲ್ಲ ಸೇರಿ ಸುಮಾರು 700 ಪುಟ. ಹನ್ನೊಂದೂ ಒಂದೇ ಹೊತ್ತಗೆಯೊಳಗೆ, ಒಂದೇ ಪ್ರಕರಣದ ತೀರ್ಪಾಗಿ ಸೇರಿವೆ. ಆದರೆ ಒಂದು ಭಾಗ ಇನ್ನೊಂದನ್ನು ನೇರವಾಗಿ ಅಲ್ಲಗಳೆಯುತ್ತದೆ. ತನ್ನೊಳಗೇ ತಾನು ಜಗಳವಾಡುವ ದಾಖಲೆ ಎಂದರೆ ಇದಕ್ಕಿಂತ ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿ ಸಿಗಲಾರದು.

ಈ 700 ಪುಟಕ್ಕೆ ಆ ದಿನವೇ ಒಂದು ಸಾರಾಂಶವೂ ಸಿದ್ಧವಾಯಿತು. ಬಹುಮತದ ಅಭಿಪ್ರಾಯ ಎಂಬ ತಲೆಬರಹದ ಒಂದು ಪುಟ್ಟ ಹೇಳಿಕೆ. ಅದರಲ್ಲಿ ಮುಖ್ಯವಾಗಿ ಆರು ಅಂಶಗಳು. ಒಂದು, 1967ರ ಗೋಲಕನಾಥ್ ತೀರ್ಪು ರದ್ದಾಗಿದೆ. ಎರಡು, ಸಂವಿಧಾನದ ಮೂಲ ರಚನೆಯನ್ನು ಬದಲಿಸುವ ಅಧಿಕಾರವನ್ನು 368ನೇ ವಿಧಿ ಸಂಸತ್ತಿಗೆ ಕೊಡುವುದಿಲ್ಲ. ಮೂರು, 24ನೇ ತಿದ್ದುಪಡಿ ಸಿಂಧು. ನಾಲ್ಕು, 25ನೇ ತಿದ್ದುಪಡಿಯ 2ನೇ ಕಲಮಿನ ಎ ಮತ್ತು ಬಿ ಭಾಗಗಳು ಸಿಂಧು. ಐದು, ಅದೇ ತಿದ್ದುಪಡಿಯ 3ನೇ ಕಲಮಿನ ಮೊದಲ ಭಾಗ ಸಿಂಧು, ಎರಡನೇ ಭಾಗ ಅಸಿಂಧು. ಆರು, 29ನೇ ತಿದ್ದುಪಡಿ ಸಿಂಧು. ಕೆಳಗೆ ಒಂಬತ್ತು ಜನರ ಸಹಿ. ರೇ, ಮ್ಯಾಥ್ಯೂ, ಬೇಗ್, ದ್ವಿವೇದಿ ಈ ನಾಲ್ವರು ಸಹಿ ಹಾಕಲಿಲ್ಲ.

ಈಗ ಲೆಕ್ಕ ಹಾಕೋಣ. ಎರಡನೇ ಅಂಶವನ್ನು ತಮ್ಮ ತೀರ್ಪಿನಲ್ಲಿ ಒಪ್ಪಿದವರು ಏಳು ಜನ: ಸಿಕ್ರಿ, ಶೆಲತ್, ಗ್ರೋವರ್, ಹೆಗ್ಡೆ, ಮುಖರ್ಜಿ, ರೆಡ್ಡಿ ಮತ್ತು ಖನ್ನಾ. ಉಳಿದ ಆರು ಜನ ಒಪ್ಪಲಿಲ್ಲ. ಹಾಗಿದ್ದರೆ ಸಹಿ ಒಂಬತ್ತಾದದ್ದು ಹೇಗೆ? ಒಪ್ಪದವರಲ್ಲಿ ಇಬ್ಬರು, ಪಾಲೇಕರ್ ಮತ್ತು ಚಂದ್ರಚೂಡ್, ಹೇಳಿಕೆಗೆ ಸಹಿ ಹಾಕಿದ್ದರು. ಬಹುಮತ ಹೇಳಿದ್ದು ಇದು ಎಂದು ಅವರು ದೃಢೀಕರಿಸಿದರೇ, ಅಥವಾ ತಾವೂ ಇದನ್ನು ಒಪ್ಪುತ್ತೇವೆ ಎಂದರೇ? ಆ ಹೇಳಿಕೆಯ ಹಾಳೆ ಅದನ್ನು ಹೇಳುವುದಿಲ್ಲ. ಅವರ ತೀರ್ಪುಗಳನ್ನು ಓದಿದರೆ ಮೊದಲನೆಯದೇ ಸರಿ ಅನ್ನಿಸುತ್ತದೆ. ಆದರೆ ಹಾಳೆಯನ್ನಷ್ಟೇ ಓದಿದವನು ಒಂಬತ್ತು ಜನರ ಬಹುಮತ ಎಂದೇ ತಿಳಿಯುತ್ತಾನೆ. ತೀರ್ಪಿನಲ್ಲಿ ಒಂದು ಮತದ ಅಂತರದಲ್ಲಿ ನಿಂತ ಮಾತು ಸಾರಾಂಶದಲ್ಲಿ ಐದು ಮತದ ಅಂತರದಂತೆ ಕಾಣುತ್ತದೆ.

ಐದನೇ ಅಂಶ ಇನ್ನೂ ಸೂಕ್ಷ್ಮ. 25ನೇ ತಿದ್ದುಪಡಿಯ 3ನೇ ಕಲಮು ಸಂವಿಧಾನಕ್ಕೆ 31ಸಿ ವಿಧಿಯನ್ನು ಸೇರಿಸಿತ್ತು. ಅದರ ಮೊದಲ ಭಾಗದ ಪ್ರಕಾರ, ಸಂಪತ್ತಿನ ಹಂಚಿಕೆಗೆ ಸಂಬಂಧಿಸಿದ ಕೆಲವು ನಿರ್ದೇಶಕ ತತ್ತ್ವಗಳನ್ನು ಜಾರಿಗೆ ತರುವ ಕಾನೂನನ್ನು ಕೆಲವು ಮೂಲಭೂತ ಹಕ್ಕುಗಳಿಗೆ ವಿರುದ್ಧವೆಂಬ ಕಾರಣಕ್ಕೆ ರದ್ದು ಮಾಡುವಂತಿಲ್ಲ. ಎರಡನೇ ಭಾಗದ ಪ್ರಕಾರ, ಈ ಕಾನೂನು ಆ ತತ್ತ್ವಕ್ಕಾಗಿಯೇ ಇದೆ ಎಂಬ ಘೋಷಣೆ ಅದರಲ್ಲಿದ್ದರೆ, ಆ ಘೋಷಣೆ ನಿಜವೇ ಎಂದು ಕೋರ್ಟು ಕೇಳುವಂತಿಲ್ಲ. ಭಿನ್ನಮತದ ಆರು ಜನ ಎರಡೂ ಭಾಗ ಸರಿ ಎಂದರು. ಸಿಕ್ರಿಯವರ ಕಡೆಯ ಆರು ಜನ ಎರಡನೆಯದನ್ನು ಹೊಡೆದುಹಾಕಿದರು, ಮೊದಲನೆಯದನ್ನೂ ಇದ್ದ ಹಾಗೆ ಒಪ್ಪಲಿಲ್ಲ. ಮೊದಲ ಭಾಗ ಪೂರ್ತಿ ಸರಿ, ಎರಡನೇ ಭಾಗ ತಪ್ಪು ಎಂದವರು ನ್ಯಾಯಮೂರ್ತಿ ಖನ್ನಾ ಒಬ್ಬರೇ.

ಮೊದಲ ಭಾಗಕ್ಕೆ ಖನ್ನಾ ಮತ್ತು ಆ ಕಡೆಯ ಆರು ಜನ ಸೇರಿ ಏಳು. ಎರಡನೇ ಭಾಗದ ವಿರುದ್ಧ ಖನ್ನಾ ಮತ್ತು ಈ ಕಡೆಯ ಆರು ಜನ ಸೇರಿ ಏಳು. ಎರಡು ಕಡೆಯೂ ಏಳು, ಆದರೆ ಬೇರೆ ಬೇರೆ ಏಳು. ಹೀಗೆ ಬಹುಮತದ ಅಭಿಪ್ರಾಯ ಎಂದು ಅಚ್ಚಾದ ಐದನೇ ಅಂಶ, ಇಡಿಯಾಗಿ ನೋಡಿದರೆ, ಹದಿಮೂರರಲ್ಲಿ ಒಬ್ಬರ ಅಭಿಪ್ರಾಯ. ಫಲಿತಾಂಶವಾಗಿ ಅದು ಸರಿ. ಕೋರ್ಟು ಏನಾದರೊಂದು ಆದೇಶ ಕೊಡಲೇಬೇಕು. ಎಣಿಕೆ ಮಾಡಿ ಫಲಿತಾಂಶ ಹೇಳುವುದು ಪೀಠದ ಅಧಿಕಾರವೂ ಹೌದು, ಕರ್ತವ್ಯವೂ ಹೌದು. ಆದರೆ ಅದನ್ನೇ ಸಾರಾಂಶ ಎಂದು ಓದಿದವನು, ಏಳು ನ್ಯಾಯಮೂರ್ತಿಗಳು ಕೂತು ಹೀಗೆ ಯೋಚಿಸಿದರು ಎಂದುಕೊಳ್ಳುತ್ತಾನೆ. ಹಾಗೆ ಯೋಚಿಸಿದ ಏಳು ಜನ ಆ ಪೀಠದಲ್ಲಿ ಇರಲೇ ಇಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಪೀಠಕ್ಕೆ ವಿವಾದ ಬಗೆಹರಿಸುವ ಅಧಿಕಾರವಿದೆ. ಸಾರಾಂಶ ಬರೆಯುವ ನನಗೆ ಆ ಅಧಿಕಾರ ಯಾರು ಕೊಟ್ಟರು? ಯಾರೂ ಕೊಟ್ಟಿಲ್ಲ. ಆದರೂ ನಾವು ದಿನವೂ ಅದನ್ನು ಚಲಾಯಿಸುತ್ತೇವೆ. ಎರಡು ವಾಕ್ಯ ಒಂದಕ್ಕೊಂದು ಹೊಂದದಿದ್ದಾಗ, ನಮಗೆ ಸರಿ ಅನ್ನಿಸಿದ್ದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತೇವೆ. ಓದುಗನಿಗೆ ಗೊಂದಲವಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಬಿಡುತ್ತೇವೆ.

ನಾನೂ ಬಿಟ್ಟಿದ್ದೇನೆ. ಕೆಲಸಕ್ಕೆ ಹೊಸಬನಾಗಿದ್ದಾಗ, ಜಮೀನು ಸ್ವಾಧೀನದ ಒಂದು ಪ್ರಕಟಣೆಯನ್ನು ಹಳ್ಳಿಯವರಿಗಾಗಿ ಒಂದು ಪುಟದ ಕನ್ನಡಕ್ಕೆ ಇಳಿಸಿಕೊಟ್ಟೆ. ಅದರ ಎರಡನೇ ಪುಟದಲ್ಲಿ, ಪ್ರಕಟಣೆಯಾದ ದಿನದಿಂದ 30 ದಿನದೊಳಗೆ ಆಕ್ಷೇಪಣೆ ಸಲ್ಲಿಸಬೇಕು ಎಂದಿತ್ತು. ಕೊನೆಗೆ ಲಗತ್ತಿಸಿದ ನಮೂನೆಯ ಅಡಿಯಲ್ಲಿ, ನೋಟಿಸು ಕೈಸೇರಿದ ದಿನದಿಂದ 30 ದಿನ ಎಂದಿತ್ತು. ಮುಂಚೆ ಮುಗಿಯುವ ಗಡುವನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ ಎಂದು ಲೆಕ್ಕ ಹಾಕಿ ಮೊದಲನೆಯದನ್ನಷ್ಟೇ ಬರೆದೆ. ನೋಟಿಸು ತಡವಾಗಿ ತಲುಪಿದ ಒಬ್ಬ ಹಿರಿಯ ರೈತರು ನನ್ನ ಹಾಳೆ ನೋಡಿ, ಅವಧಿ ಮುಗಿದೇ ಹೋಯಿತೆಂದು ಆಕ್ಷೇಪಣೆ ಹಾಕದೆ ಸುಮ್ಮನಾದರು. ನಮೂನೆಯ ಲೆಕ್ಕದಲ್ಲಿ ಅವರಿಗೆ ಇನ್ನೂ ದಿನಗಳು ಉಳಿದಿದ್ದವು. ಯಾವ ಗಡುವು ಸರಿ ಎಂದು ಇಂದಿಗೂ ನಾನು ಹೇಳಲಾರೆ. ಅದನ್ನು ಹೇಳಬೇಕಾದವರು ಅಧಿಕಾರಿಗಳು. ಎರಡೂ ಕಡೆ ಎರಡು ರೀತಿ ಇದೆ, ಕೇಳಿ ಎಂದು ನಾನು ಬರೆದಿದ್ದರೆ ಅವರು ಹೋಗಿ ಕೇಳುತ್ತಿದ್ದರು. ನನ್ನ ಎಚ್ಚರಿಕೆಯೇ ಅವರ ಬಾಗಿಲು ಮುಚ್ಚಿತು.

ಮತ್ತೆ ಪ್ರಕರಣಕ್ಕೆ ಬರೋಣ. ವಿರೋಧ ಎರಡು ತೀರ್ಪುಗಳ ನಡುವೆಯೇ ಇರಬೇಕೆಂದಿಲ್ಲ. ಒಂದೇ ತೀರ್ಪಿನ ಒಳಗೂ ಇರಬಹುದು. ಖನ್ನಾ ಅವರ ತೀರ್ಪನ್ನೇ ನೋಡಿ. ಏಳನೆಯ ಮತ ಅವರದು. ಆದ್ದರಿಂದ ಅವರ ಒಂದೊಂದು ವಾಕ್ಯಕ್ಕೂ ತೂಕ. ಮೂಲ ರಚನೆಗೆ ಒಳಪಟ್ಟು, ಮೂಲಭೂತ ಹಕ್ಕುಗಳ ವಿಧಿಗಳೂ ಸೇರಿದಂತೆ ಯಾವ ವಿಧಿಯನ್ನಾದರೂ ಸಂಸತ್ತು ತಿದ್ದಬಹುದು, ತೆಗೆಯಬಹುದು ಎಂದು ಅವರು ಒಂದು ಕಡೆ ಬರೆದರು. ಇದನ್ನು ಓದಿದರೆ ಮೂಲಭೂತ ಹಕ್ಕುಗಳು ಮೂಲ ರಚನೆಗೆ ಸೇರಿಲ್ಲ ಅನ್ನಿಸುತ್ತದೆ. ಇನ್ನೊಂದು ಕಡೆ, ಆಸ್ತಿಯ ಹಕ್ಕು ಮೂಲ ರಚನೆಗೆ ಸೇರಿದ್ದಲ್ಲ ಎಂದು ಬರೆದರು. ಇದನ್ನು ಓದಿದರೆ ಬೇರೆಯದೇ ಅನ್ನಿಸುತ್ತದೆ. ಯಾವ ಹಕ್ಕೂ ಸೇರಿಲ್ಲದಿದ್ದರೆ ಆಸ್ತಿಯ ಹಕ್ಕೊಂದನ್ನೇ ಎತ್ತಿ ಹೇಳುವ ಅಗತ್ಯವೇನಿತ್ತು? ಉಳಿದವುಗಳಲ್ಲಿ ಕೆಲವಾದರೂ ಸೇರಿರಬೇಕಲ್ಲವೆ?

1973ರಲ್ಲಿ ಇದರ ಸಾರಾಂಶ ಬರೆಯುತ್ತಿದ್ದವರ ಮುಂದೆ ಮೂರು ದಾರಿಗಳಿದ್ದವು. ಖನ್ನಾ ಅವರ ಪ್ರಕಾರ ಮೂಲಭೂತ ಹಕ್ಕುಗಳಿಗೆ ರಕ್ಷಣೆಯಿಲ್ಲ ಎಂದು ಬರೆಯಬಹುದಿತ್ತು. ಆಸ್ತಿಯ ಹಕ್ಕಿನ ಹೊರತು ಉಳಿದವುಗಳಿಗೆ ರಕ್ಷಣೆಯಿದೆ ಎಂದು ಬರೆಯಬಹುದಿತ್ತು. ಅಥವಾ, ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ, ಎರಡೂ ಓದಿಗೆ ಅವಕಾಶವಿದೆ, ತೀರ್ಪಿನೊಳಗೆ ಇದಕ್ಕೆ ಉತ್ತರವಿಲ್ಲ ಎಂದು ಬರೆಯಬಹುದಿತ್ತು. ಎರಡೂವರೆ ವರ್ಷಗಳ ಬಳಿಕ, 1975ರ ನವೆಂಬರ್‌ನಲ್ಲಿ, ಇಂದಿರಾ ಗಾಂಧಿಯವರ ಚುನಾವಣಾ ಪ್ರಕರಣದ ತೀರ್ಪಿನಲ್ಲಿ ಖನ್ನಾ ಅವರೇ ಇದನ್ನು ಬಿಡಿಸಿ ಹೇಳಿದರು: ಮೂಲಭೂತ ಹಕ್ಕುಗಳು ಮೂಲ ರಚನೆಯ ಭಾಗವಲ್ಲ ಎಂದು ತಾವು ಹೇಳಿಯೇ ಇರಲಿಲ್ಲ, ಆಸ್ತಿಯ ಹಕ್ಕಿನ ಬಗ್ಗೆ ಪ್ರತ್ಯೇಕವಾಗಿ ಹೇಳಿದ್ದೇ ಅದಕ್ಕೆ ಸಾಕ್ಷಿ ಎಂದು.

ಆಗ ಮೊದಲ ಸಾರಾಂಶ ತಪ್ಪಾಯಿತು. ಎರಡನೆಯದು ಸರಿಯಾಯಿತು, ಆದರೆ ಬರೆದ ದಿನ ಅದು ಊಹೆಯಾಗಿತ್ತು. ಊಹೆ ಹೊಂದಿಕೊಂಡಿತು, ಅಷ್ಟೆ. ಮೂರನೆಯದೊಂದೇ ಬರೆದ ದಿನವೂ ಸರಿಯಾಗಿತ್ತು, 1975ರ ಬಳಿಕವೂ ಸರಿಯಾಗಿ ಉಳಿಯಿತು. ಆ ದಾಖಲೆ ಏನು ಹೇಳಿತ್ತೋ ಅದನ್ನಷ್ಟೇ ಅದು ಹೇಳಿತ್ತು.

ಆರನೇ ಅಂಶದ ಕಥೆ ಇನ್ನೂ ಉದ್ದ. 29ನೇ ತಿದ್ದುಪಡಿ ಸಿಂಧು ಎಂಬುದು ಮೂರು ಪದದ ಮಾತು. ಆ ತಿದ್ದುಪಡಿ ಕೇರಳದ ಎರಡು ಭೂಸುಧಾರಣಾ ತಿದ್ದುಪಡಿ ಕಾನೂನುಗಳನ್ನು ಸಂವಿಧಾನದ ಒಂಬತ್ತನೇ ಅನುಸೂಚಿಗೆ ಸೇರಿಸಿತ್ತು. ಎಡನೀರು ಮಠದ ಜಮೀನಿನ ಹಣೆಬರಹ ಇದ್ದದ್ದು ಇಲ್ಲಿಯೇ. ಸಿಕ್ರಿಯವರ ಕಡೆಯ ಆರು ಜನ ಬೇರೆ ಬೇರೆ ಮಾತಿನಲ್ಲಿ ಒಂದು ಷರತ್ತು ಹಾಕಿದ್ದರು: ಅನುಸೂಚಿಯೊಳಗೆ ಸೇರಿದ ಕಾನೂನು ಸಂವಿಧಾನದ ಮೂಲ ಲಕ್ಷಣಗಳಿಗೆ ಧಕ್ಕೆ ತರುತ್ತದೆಯೇ ಎಂಬುದನ್ನು ನೋಡಬೇಕಾಗುತ್ತದೆ. ಉಳಿದ ಏಳು ಜನ ಆ ಷರತ್ತು ಹಾಕಲಿಲ್ಲ. ಹೇಳಿಕೆಯಲ್ಲಿ ಷರತ್ತೂ ಇಲ್ಲ, ಷರತ್ತಿನ ಬಗ್ಗೆ ಭಿನ್ನಾಭಿಪ್ರಾಯ ಇತ್ತೆಂಬ ಸುಳಿವೂ ಇಲ್ಲ.

ಹಾಗೆಂದು ಆ ಪ್ರಶ್ನೆ ಸಾಯಲಿಲ್ಲ. ಒಂಬತ್ತನೇ ಅನುಸೂಚಿಗೆ ಸೇರಿಸಿದ ಕಾನೂನಿಗೆ ಪೂರ್ತಿ ರಕ್ಷಣೆ ಸಿಕ್ಕಿಬಿಡುತ್ತದೆಯೇ ಎಂಬ ಚರ್ಚೆ ಮತ್ತೆ ಮತ್ತೆ ಎದ್ದಿತು. 2007ರ ಜನವರಿ 11ರಂದು ಐ. ಆರ್. ಕೊಯೆಲ್ಹೊ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಉತ್ತರ ಕೊಟ್ಟಿತು. 1973ರ ಏಪ್ರಿಲ್ 24ರ ಬಳಿಕ ಅನುಸೂಚಿಗೆ ಸೇರಿದ ಕಾನೂನುಗಳನ್ನು ಮೂಲ ರಚನೆಯ ಒರೆಗೆ ಹಚ್ಚಬಹುದು ಎಂದಿತು. ಆ ಉತ್ತರಕ್ಕಾಗಿ ಪೀಠ 34 ವರ್ಷ ಹಿಂದಕ್ಕೆ ಹೋಗಿ, 29ನೇ ತಿದ್ದುಪಡಿಯ ಬಗ್ಗೆ ಯಾರು ಯಾವ ಕಾರಣಕ್ಕೆ ಏನು ಹೇಳಿದ್ದರು, ಖನ್ನಾ ಏನು ಹೇಳಿದ್ದರು, 1975ರಲ್ಲಿ ಏನು ಸ್ಪಷ್ಟಪಡಿಸಿದರು ಎಂದು ಮತ್ತೆ ಬಿಡಿಸಿ ಓದಬೇಕಾಯಿತು. ಸಾರಾಂಶ ಮುಚ್ಚಿದ್ದನ್ನು ಮೂಲದಲ್ಲಿ ಹುಡುಕಬೇಕಾಯಿತು.

ಒಂಬತ್ತು ಜನ ಸಹಿ ಹಾಕಿದ ಆ ಹೇಳಿಕೆಗೆ ಕಾನೂನಿನ ಬಲವಿದೆಯೇ ಎಂಬುದೂ ಚರ್ಚೆಗೆ ಬಂತು. 1980ರಲ್ಲಿ ಮಿನರ್ವ ಮಿಲ್ಸ್ ಪ್ರಕರಣದ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ನ್ಯಾಯಮೂರ್ತಿ ಭಗವತಿ ಇದನ್ನು ಎತ್ತಿಕೊಂಡು, ಬಹುಮತ ಏನು ಹೇಳಿತು ಎಂಬುದನ್ನು ಸಹಿ ಹಾಕಿದ ಹೇಳಿಕೆಯಲ್ಲಿ ಅಲ್ಲ, ಒಂದೊಂದು ತೀರ್ಪಿನಲ್ಲಿ ಹುಡುಕಬೇಕು ಎಂಬ ನಿಲುವು ತಳೆದರು. ಕೇರಳ ಸರ್ಕಾರದ ಪರ ವಾದಿಸಿದ ತಂಡದಲ್ಲಿದ್ದ ಟಿ. ಆರ್. ಆಂಧ್ಯಾರುಜಿನಾ ಅವರು ಮುಂದೆ ಈ ಪ್ರಕರಣದ ಬಗ್ಗೆ ಬರೆದ ಪುಸ್ತಕದಲ್ಲಿಯೂ ಈ ಹಾಳೆಯನ್ನು ಪ್ರಶ್ನಿಸಿದರು. ನಾನು ಆ ವಾದದಲ್ಲಿ ಯಾರ ಪಕ್ಷವನ್ನೂ ಹಿಡಿಯುತ್ತಿಲ್ಲ. ಮೂಲ ರಚನೆಯ ತತ್ತ್ವ ಇಂದು ನಮ್ಮ ಸಂವಿಧಾನವನ್ನು ಕಾಯುತ್ತಿದೆ. ಅದರ ಬಗ್ಗೆ ನನಗೆ ಗೌರವವಿದೆ. ನಾನು ಹೇಳುವುದು ಸಾರಾಂಶದ ಬಗ್ಗೆ ಮಾತ್ರ.

ಹಾಗಿದ್ದರೆ ಇಂಥ ದಾಖಲೆಯ ಸಾರಾಂಶವನ್ನು ಹೇಗೆ ಬರೆಯಬೇಕು?

ಮೊದಲ ಕೆಲಸ, ಅದು ನಿಜವಾದ ವಿರೋಧವೇ ಎಂದು ನೋಡುವುದು. ಎರಡು ಭಾಗಗಳು ಒಂದೇ ಪ್ರಶ್ನೆಗೆ ಉತ್ತರಿಸುತ್ತಿವೆಯೇ? ಒಂದೇ ಪದವನ್ನು ಒಂದೇ ಅರ್ಥದಲ್ಲಿ ಬಳಸುತ್ತಿವೆಯೇ? ಒಂದೇ ಕಾಲಕ್ಕೆ, ಒಂದೇ ಜನಕ್ಕೆ ಅನ್ವಯಿಸುತ್ತಿವೆಯೇ? 24ನೇ ತಿದ್ದುಪಡಿ ಸಿಂಧು ಎಂದು ಹದಿಮೂರು ಜನರೂ ಹೇಳಿದರು. ಸಂಸತ್ತಿನ ಅಧಿಕಾರಕ್ಕೆ ಮಿತಿಯಿದೆ ಎಂದು ಏಳೇ ಜನ ಹೇಳಿದರು. ಮೇಲ್ನೋಟಕ್ಕೆ ಇದು ವಿರೋಧ. ಆದರೆ ಒಂದು ಪ್ರಶ್ನೆ ಆ ತಿದ್ದುಪಡಿ ನಿಲ್ಲುತ್ತದೆಯೇ ಎಂಬುದು, ಇನ್ನೊಂದು ಅದು ಕೊಡುವ ಅಧಿಕಾರ ಎಷ್ಟು ದೂರ ಹೋಗುತ್ತದೆ ಎಂಬುದು. ಪ್ರಶ್ನೆ ಬೇರೆಯಾದರೆ ಉತ್ತರ ಬೇರೆಯಾಗುವುದು ಸಹಜ. ಇಂಥದ್ದನ್ನು ವಿರೋಧ ಎಂದು ವರದಿ ಮಾಡುವುದು, ಇರುವ ವಿರೋಧವನ್ನು ಮುಚ್ಚುವಷ್ಟೇ ದೊಡ್ಡ ತಪ್ಪು.

ಎರಡನೆಯದು, ದಾಖಲೆ ತಾನೇ ದಾರಿ ತೋರಿಸಿದೆಯೇ ಎಂದು ಹುಡುಕುವುದು. ಕರಾರು ಪತ್ರಗಳಲ್ಲಿ, ಟೆಂಡರ್ ಕಾಗದಗಳಲ್ಲಿ, ಸಾಮಾನ್ಯ ಷರತ್ತಿಗೂ ವಿಶೇಷ ಷರತ್ತಿಗೂ ವ್ಯತ್ಯಾಸ ಬಂದರೆ ವಿಶೇಷ ಷರತ್ತೇ ಊರ್ಜಿತ ಎಂದು ಬರೆದಿರುತ್ತದೆ. ಹಾಗಿದ್ದರೆ ವಿರೋಧವನ್ನು ಬಗೆಹರಿಸಿದ್ದು ದಾಖಲೆಯೇ. ನಾವು ಆ ನಿಯಮವನ್ನು ತೋರಿಸಿ ಫಲಿತಾಂಶ ಬರೆಯಬಹುದು. ಆದರೆ ಸಾಮಾನ್ಯವಾಗಿ ನಂತರದ್ದು ಮುಂಚಿನದನ್ನು ಮೀರಿಸುತ್ತದೆ, ಮುಖ್ಯ ಭಾಗ ಲಗತ್ತನ್ನು ಮೀರಿಸುತ್ತದೆ ಎಂಬ ನಮ್ಮ ಲೋಕಜ್ಞಾನವನ್ನು ದಾಖಲೆಯ ಬಾಯಲ್ಲಿ ಹಾಕುವಂತಿಲ್ಲ. ಆ ರೈತರ ವಿಷಯದಲ್ಲಿ ನಾನು ಮಾಡಿದ್ದು ಅಂಥದ್ದನ್ನೇ: ನನ್ನ ಲೆಕ್ಕವನ್ನು ದಾಖಲೆಯ ಬಾಯಲ್ಲಿ ಹಾಕಿದೆ.

ಮೂರನೆಯದು ಬರವಣಿಗೆ. ಒಪ್ಪಿಗೆ ಇರುವುದನ್ನು ಮೊದಲು ಹೇಳಿ, ವಿರೋಧ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಎಳೆಯಬೇಕು. ಆಮೇಲೆ ಒಂದೊಂದು ಮಾತನ್ನೂ ಅದು ಇರುವ ಜಾಗದ ಹೆಸರಿನೊಂದಿಗೆ, ಅದಕ್ಕಿರುವಷ್ಟೇ ಗಟ್ಟಿತನದಲ್ಲಿ ಹೇಳಬೇಕು. ಮೂಲದಲ್ಲಿ ಬಹುದು ಎಂದಿದ್ದರೆ ನಮ್ಮಲ್ಲಿ ಬೇಕು ಆಗಬಾರದು. ಕೊನೆಗೆ, ಯಾವ ಓದಿನಿಂದ ಏನಾಗುತ್ತದೆ ಎಂದು ಹೇಳಿ ನಿಲ್ಲಿಸಬೇಕು. ಸಂಸತ್ತು ಮೂಲಭೂತ ಹಕ್ಕುಗಳನ್ನು ತಿದ್ದಬಹುದೇ ಎಂಬ ಒಂದು ಪ್ರಶ್ನೆಗೆ 1973ರಲ್ಲಿ ನಾನು ಸಾರಾಂಶ ಬರೆದಿದ್ದರೆ, ಅದು ಹೀಗಿರಬೇಕಿತ್ತು:

“ಹಕ್ಕುಗಳ ವಿಧಿಗಳನ್ನು ತಿದ್ದುವುದೇ ಕೂಡದು ಎಂದು ಬಹುಮತ ಹೇಳಿಲ್ಲ. ಎಷ್ಟರಮಟ್ಟಿಗೆ ಎಂಬಲ್ಲಿ ಪೀಠ ಮೂರಾಗಿ ಒಡೆದಿದೆ. ಸಿಕ್ರಿ, ಶೆಲತ್, ಗ್ರೋವರ್, ಹೆಗ್ಡೆ, ಮುಖರ್ಜಿ, ರೆಡ್ಡಿ: ತಿದ್ದಬಹುದು, ಆದರೆ ಆ ಹಕ್ಕುಗಳ ಸಾರವನ್ನು ನಾಶ ಮಾಡುವಂತಿಲ್ಲ. ರೇ, ಪಾಲೇಕರ್, ಮ್ಯಾಥ್ಯೂ, ಬೇಗ್, ದ್ವಿವೇದಿ, ಚಂದ್ರಚೂಡ್: ಅಂಥ ಮಿತಿ ಇಲ್ಲ. ಖನ್ನಾ: ಮೂಲ ರಚನೆಯನ್ನು ಉಳಿಸಿಕೊಂಡು ತಿದ್ದಬಹುದು, ಆಸ್ತಿಯ ಹಕ್ಕು ಮೂಲ ರಚನೆಗೆ ಸೇರಿಲ್ಲ, ಉಳಿದ ಹಕ್ಕುಗಳು ಸೇರಿವೆಯೇ ಎಂಬುದಕ್ಕೆ ಅವರ ತೀರ್ಪಿನಲ್ಲಿ ಎರಡು ಓದುಗಳಿಗೆ ಅವಕಾಶವಿದೆ. ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂಬುದಕ್ಕೆ ಏಳು ಮತಗಳಿವೆ. ಹಕ್ಕುಗಳು ಆ ರಚನೆಯೊಳಗಿವೆ ಎಂಬುದಕ್ಕೆ ಏಳು ಮತ ಇದೆಯೇ ಇಲ್ಲವೇ ಎಂಬುದು ಖನ್ನಾ ಅವರನ್ನು ಹೇಗೆ ಓದುತ್ತೇವೆ ಎಂಬುದರ ಮೇಲೆ ನಿಂತಿದೆ.”

ಇದು ಆರು ಅಂಶಗಳ ಹಾಳೆಯಷ್ಟು ಚುಟುಕಾಗಿಲ್ಲ. ಆದರೂ 700 ಪುಟದ ಮುಂದೆ ಎಷ್ಟು ಚಿಕ್ಕದು ನೋಡಿ. ವಿರೋಧವನ್ನು ವರದಿ ಮಾಡಿದರೆ ಸಾರಾಂಶ ಉದ್ದವಾಗುತ್ತದೆ ಎಂಬ ಭಯ ಅಷ್ಟೇನೂ ನಿಜವಲ್ಲ. ಒಂದು ವಿರೋಧಕ್ಕೆ ಆರೇಳು ವಾಕ್ಯ ಸಾಕು.

ಬರೆದ ಮೇಲೆ ತಪ್ಪು ಹಿಡಿಯುವುದು ಹೇಗೆ? ಸಾರಾಂಶದ ಒಂದೊಂದು ವಾಕ್ಯಕ್ಕೂ ಬೆರಳಿಟ್ಟು, ಇದನ್ನು ಮೂಲದಲ್ಲಿ ಯಾರು, ಎಲ್ಲಿ ಹೇಳಿದ್ದಾರೆ ಎಂದು ಕೇಳಿಕೊಳ್ಳಿ. ಯಾವ ಭಾಗದಲ್ಲೂ ಸಿಗದ, ಎಲ್ಲ ಭಾಗಗಳ ನಡುವಿನಿಂದ ಹುಟ್ಟಿದ ವಾಕ್ಯ ಸಿಕ್ಕರೆ, ಅಲ್ಲಿ ನೀವು ನ್ಯಾಯಾಧೀಶರಾಗಿದ್ದೀರಿ. ಒಟ್ಟಾರೆ, ಸಾಮಾನ್ಯವಾಗಿ, ಬಹುತೇಕ ಎಂಬ ಪದಗಳ ಬಳಿ ನಿಂತು ನೋಡಿ. ಎರಡು ಮಾತುಗಳ ನಡುವಿನ ಬಿರುಕನ್ನು ಮೆತ್ತಲು ನಾವು ಹೆಚ್ಚಾಗಿ ಬಳಸುವ ಮಣ್ಣು ಅದೇ. ಕರ್ತೃವಿಲ್ಲದ ವಾಕ್ಯಗಳನ್ನೂ ನೋಡಿ. ಅಭಿಪ್ರಾಯಪಡಲಾಗಿದೆ ಎಂದು ಬರೆದಲ್ಲೆಲ್ಲ, ಯಾರು ಅಭಿಪ್ರಾಯಪಟ್ಟರು ಎಂದು ಕೇಳಿದರೆ ಅರ್ಧ ವಿರೋಧಗಳು ತಾವಾಗಿಯೇ ಹೊರಬರುತ್ತವೆ.

ಈ ವಿಧಾನಕ್ಕೂ ಮಿತಿಗಳಿವೆ. ಸ್ಪಷ್ಟವಾದ ಅಚ್ಚಿನ ತಪ್ಪನ್ನು ವಿರೋಧ ಎಂದು ದೊಡ್ಡದು ಮಾಡಬೇಕಿಲ್ಲ. ಒಂದು ಮಾತಿನಲ್ಲಿ ಸೂಚಿಸಿದರೆ ಸಾಕು. ವಿರೋಧಗಳು ಇಪ್ಪತ್ತಿದ್ದರೆ ಎಲ್ಲವನ್ನೂ ಒಂದೇ ದನಿಯಲ್ಲಿ ಹೇಳಿದರೆ ಓದುಗ ದಾರಿ ತಪ್ಪುತ್ತಾನೆ. ಯಾವುದರಿಂದ ಅವನ ಬದುಕು ಬದಲಾಗುತ್ತದೋ ಅದು ಮೊದಲು ಬರಬೇಕು. ಎರಡು ಮಾತು ಇದೆ ಎಂದ ಮಾತ್ರಕ್ಕೆ ಎರಡಕ್ಕೂ ಸಮಾನ ತೂಕ ಎಂದಲ್ಲ. ಭಿನ್ನಮತ ಕಾನೂನಲ್ಲ, ಅದನ್ನು ಹಾಗೆಂದೇ ಹೇಳಬೇಕು. ಓದುಗ ನಮ್ಮ ಸಲಹೆಯನ್ನೇ ಕೇಳಿದರೆ ಕೊಡಬಹುದು. ಆದರೆ ಬೇರೆ ಪ್ಯಾರಾದಲ್ಲಿ, ನಮ್ಮ ಹೆಸರಿನಲ್ಲಿ, ದಾಖಲೆಯ ಮಾತು ಎಲ್ಲಿ ಮುಗಿಯಿತು, ನಮ್ಮ ಮಾತು ಎಲ್ಲಿ ಶುರುವಾಯಿತು ಎಂದು ಕಾಣುವಂತೆ.

ಇನ್ನು ನಾನು ಮೊದಲು ಕೇಳಿದ ಪ್ರಶ್ನೆ. ಸ್ವಾಮೀಜಿ ಗೆದ್ದರೇ, ಸೋತರೇ?

ಅವರ ವಕೀಲರಾದ ಪಾಲ್ಖಿವಾಲಾ ವಾದಿಸಿದ ದೊಡ್ಡ ತತ್ತ್ವ, ಸಂಸತ್ತಿನ ತಿದ್ದುಪಡಿಯ ಅಧಿಕಾರಕ್ಕೆ ಮಿತಿಯಿದೆ ಎಂಬುದು, ಏಳು ಮತಗಳಿಂದ ನಿಂತಿತು. ಆದರೆ ಸ್ವಾಮೀಜಿ ಪ್ರಶ್ನಿಸಿದ 29ನೇ ತಿದ್ದುಪಡಿಯೂ ಊರ್ಜಿತವಾಗಿ ನಿಂತಿತು; ಮಠದ ಜಮೀನನ್ನು ಉಳಿಸುವ ಪರಿಹಾರ ಆ ತೀರ್ಪಿನಿಂದ ದೊರೆಯಲಿಲ್ಲ. 2020ರ ಸೆಪ್ಟೆಂಬರ್ 6ರಂದು ಅವರು ಎಡನೀರಿನಲ್ಲಿ ದೈವಾಧೀನರಾದಾಗ ದೇಶದ ಪತ್ರಿಕೆಗಳು ಅವರನ್ನು ಸಂವಿಧಾನವನ್ನು ಉಳಿಸಿದ ಅರ್ಜಿದಾರ ಎಂದು ಸ್ಮರಿಸಿದವು. ಅದೂ ನಿಜ, ಇದೂ ನಿಜ. ಗೆದ್ದರು ಎಂದಷ್ಟೇ ಬರೆದರೆ ಮಠದ ಗದ್ದೆ ಕಾಣುವುದಿಲ್ಲ, ಸೋತರು ಎಂದಷ್ಟೇ ಬರೆದರೆ ಸಂವಿಧಾನ ಕಾಣುವುದಿಲ್ಲ.

ಆದ್ದರಿಂದ ವಿದ್ಯಾರ್ಥಿಗಳಿಗೆ ನಾನು ಕೊನೆಗೆ ಹೇಳಿಕೊಡುವ ಉತ್ತರ ಎರಡು ವಾಕ್ಯದ್ದು. ತತ್ತ್ವದ ಪ್ರಶ್ನೆಯಲ್ಲಿ ಏಳಕ್ಕೆ ಆರು ಮತಗಳಿಂದ ಅವರ ವಾದ ನಿಂತಿತು. ಜಮೀನಿನ ಪ್ರಶ್ನೆಯಲ್ಲಿ ನಿಲ್ಲಲಿಲ್ಲ.